ಐವತ್ತೆರಡರಲ್ಲಿ ಇಪ್ಪತ್ತೇಳು ಹೋದರೆ

ಪುಟ್ಟಿ ನನ್ನ ತಂಗಿಯ ಮಗಳು, ಎರಡನೇ ಕ್ಲಾಸು. ಹೋದ ತಿಂಗಳು ಒಂದು ಸಂಜೆ ಅವರ ಮನೆಗೆ ಹೋದಾಗ ನಡುಮನೆಯಲ್ಲಿ ಚಾಪೆ ಹಾಸಿತ್ತು. ಚಾಪೆಯ ಮೇಲೆ ಗಣಿತದ ನೋಟ್‌ಬುಕ್ಕು, ಪಕ್ಕದಲ್ಲಿ ತಂಗಿ, ತಂಗಿಯ ಕೈಯಲ್ಲಿ ರಬ್ಬರು. ಪುಟ್ಟಿ ಮೂರನೇ ಸಲ ಪೆನ್ಸಿಲ್ ಚೂಪು ಮಾಡುತ್ತಿದ್ದಳು.

"ನೋಡಕ್ಕ, ನಿನ್ನೆ ತಾನೇ ಹೇಳಿಕೊಟ್ಟಿದ್ದೀನಿ. ಇವತ್ತು ಮತ್ತೆ ಅದೇ ತಪ್ಪು," ಎಂದಳು ತಂಗಿ. ನೋಟ್‌ಬುಕ್ಕು ನನ್ನ ಕಡೆ ತಿರುಗಿಸಿದಳು. ಏಳು ಕಳೆಯುವ ಲೆಕ್ಕಗಳಿದ್ದವು. ಪುಟ್ಟಿ ಬರೆದಿದ್ದ ಉತ್ತರಗಳು ಹೀಗಿದ್ದವು:

46 − 23 = 23
52 − 27 = 35
78 − 35 = 43
61 − 38 = 37
40 − 16 = 36
69 − 24 = 45
83 − 45 = 42

ಮೂರು ಸರಿ, ನಾಲ್ಕು ತಪ್ಪು. ನಾನು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಬಹಳ ವರ್ಷ ಪಾಠ ಮಾಡಿದವಳು. ಈ ಪುಟವನ್ನು ಬೇರೆ ಬೇರೆ ಮಕ್ಕಳ ಕೈಬರಹದಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ತಂಗಿಗೆ ಕಂಡದ್ದು ನಾಲ್ಕು ತಪ್ಪು. ನನಗೆ ಕಂಡದ್ದು ಒಂದೇ ತಪ್ಪು, ನಾಲ್ಕು ಸಲ. ನೀವೂ ಒಮ್ಮೆ ನೋಡಿ. 52ರಲ್ಲಿ 27 ಕಳೆಯುವಾಗ ಬಿಡಿ ಸ್ಥಾನದಲ್ಲಿ ಮೇಲೆ ಎರಡು, ಕೆಳಗೆ ಏಳು. ಎರಡರಲ್ಲಿ ಏಳು ಹೋಗುವುದಿಲ್ಲ. ಅದಕ್ಕೆ ಪುಟ್ಟಿ ಏಳರಲ್ಲಿ ಎರಡನ್ನು ಕಳೆದು ಐದು ಬರೆದಿದ್ದಾಳೆ. 61ರಲ್ಲೂ ಹಾಗೆಯೇ, ಎಂಟರಲ್ಲಿ ಒಂದು ಹೋಗಿ ಏಳು. 40ರಲ್ಲಿ ಆರರಿಂದ ಸೊನ್ನೆ ಹೋಗಿ ಆರು. 83ರಲ್ಲಿ ಐದರಿಂದ ಮೂರು ಹೋಗಿ ಎರಡು. ಮೇಲಿನ ಅಂಕಿ ದೊಡ್ಡದಿದ್ದ ಮೂರು ಲೆಕ್ಕವೂ ಸರಿ.

ಇದು ಗಮನವಿಲ್ಲದೆ ಮಾಡಿದ ತಪ್ಪಲ್ಲ. ಗಮನವಿಲ್ಲದ ಮಗು ಒಂದು ಕಡೆ ಒಂದು ತರಹ, ಇನ್ನೊಂದು ಕಡೆ ಇನ್ನೊಂದು ತರಹ ತಪ್ಪುತ್ತದೆ. ಇಲ್ಲಿ ಒಂದು ನಿಯಮವಿದೆ, ಅದನ್ನು ಮಗು ತಪ್ಪದೆ ಪಾಲಿಸಿದೆ. ಆ ನಿಯಮ ಬಂದದ್ದಾದರೂ ಎಲ್ಲಿಂದ? ನಮ್ಮಿಂದಲೇ. ಒಂದನೇ ತರಗತಿಯಲ್ಲಿ "ದೊಡ್ಡದರಿಂದ ಚಿಕ್ಕದನ್ನು ಕಳಿ" ಎಂದು ವರ್ಷವಿಡೀ ಹೇಳಿರುತ್ತೇವೆ. ಅಲ್ಲಿ ಅದು ನಡೆಯುತ್ತದೆ. ಎರಡನೇ ತರಗತಿಯ ದಶಕ ಸಹಿತ ವ್ಯವಕಲನಕ್ಕೆ ಬಂದಾಗ ಅದೇ ಮಾತು ಮಗುವನ್ನು ದಾರಿ ತಪ್ಪಿಸುತ್ತದೆ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು 1978ರಲ್ಲಿಯೇ ಮಕ್ಕಳ ಕಳೆಯುವ ಲೆಕ್ಕಗಳ ಇಂಥ ತಪ್ಪುಗಳನ್ನು ವಿಂಗಡಿಸಿ ಬರೆದರು. ಮಕ್ಕಳ ತಪ್ಪು ಮನಬಂದಂತೆ ಇರುವುದಿಲ್ಲ, ಅದರ ಹಿಂದೆ ಒಂದು ಕ್ರಮ ಇರುತ್ತದೆ ಎಂಬುದು ಅವರ ಮುಖ್ಯ ಮಾತು. ಪುಟ್ಟಿಯ ನೋಟ್‌ಬುಕ್ಕಿನಲ್ಲಿ ಇದ್ದದ್ದು ಆ ಪಟ್ಟಿಯ ಬಹಳ ಹೆಸರಾದ ತಪ್ಪು.

ಹೋಮ್‌ವರ್ಕಿಗೆ ಕೂರುವ ಅಪ್ಪ ಅಮ್ಮ ಮೊದಲು ಮಾಡಬೇಕಾದ ಕೆಲಸ ಇದೇ. ಉತ್ತರ ಸರಿಯೋ ತಪ್ಪೋ ನೋಡಿ ರಬ್ಬರು ಎತ್ತಿಕೊಳ್ಳುವ ಮೊದಲು ಎರಡು ನಿಮಿಷ ಪುಟವನ್ನು ಸುಮ್ಮನೆ ಓದಿ. ಯಾವುದು ಸರಿಯಾಗಿದೆ, ಯಾವುದು ಆಗಿಲ್ಲ, ಸರಿಯಾಗದ್ದರಲ್ಲಿ ಏನು ಸಮಾನ ಎಂದು ಹುಡುಕಿ. ನಿಮಗೇ ಹೊಳೆಯದಿದ್ದರೆ ಮಗುವನ್ನೇ ಕೇಳಬಹುದು.

ಹೇಗೆ ಕೇಳುತ್ತೀರಿ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. "ಯಾಕೆ ಹೀಗೆ ಮಾಡಿದೆ?" ಎಂದರೆ ಮಗುವಿಗೆ ಅದು ಬೈಗುಳದ ಹಾಗೆ ಕೇಳಿಸುತ್ತದೆ, ತಕ್ಷಣ ಅಳಿಸಲು ಹೋಗುತ್ತದೆ. ತಪ್ಪಾದ ಲೆಕ್ಕದ ಬಗ್ಗೆ ಮಾತ್ರ ಕೇಳುತ್ತಿದ್ದರೂ ಅಷ್ಟೇ. ಅಮ್ಮ ಬೆರಳಿಟ್ಟಳೆಂದರೆ ಅಲ್ಲಿ ತಪ್ಪಿದೆ ಎಂದು ಎರಡು ದಿನದಲ್ಲಿ ಕಲಿತುಬಿಡುತ್ತದೆ. ನಾನು ಅವತ್ತು ಮೊದಲು ಕೇಳಿದ್ದು ಸರಿಯಾಗಿದ್ದ 46 − 23 ಬಗ್ಗೆ.

"ಪುಟ್ಟಿ, ಇದನ್ನ ಹೇಗೆ ಮಾಡಿದೆ, ನಂಗೆ ಹೇಳಿಕೊಡು."

"ಆರರಲ್ಲಿ ಮೂರು ಹೋದ್ರೆ ಮೂರು. ನಾಲ್ಕರಲ್ಲಿ ಎರಡು ಹೋದ್ರೆ ಎರಡು."

"ಸರಿ. ಅದರ ಕೆಳಗಿಂದು?"

"ಎರಡರಲ್ಲಿ ಏಳು ಹೋಗಲ್ಲ ದೊಡ್ಡಮ್ಮ. ಅದಕ್ಕೆ ಏಳರಲ್ಲಿ ಎರಡು ಕಳೆದೆ. ಐದು."

ತಂಗಿ ಬಾಯಿ ತೆರೆದಳು. ನಾನು ಅವಳ ಮೊಣಕೈ ಮುಟ್ಟಿದೆ. ಆ ಕ್ಷಣದಲ್ಲಿ ಅವಳು ಹೇಳಲು ಹೊರಟಿದ್ದು ಏನೆಂದು ನನಗೆ ಗೊತ್ತು, ನಿಮಗೂ ಗೊತ್ತು. "ಪಕ್ಕದ ಮನೆಯಿಂದ ಒಂದು ಸಾಲ ತಗೋ. ಐದನ್ನ ಹೊಡೆದು ನಾಲ್ಕು ಮಾಡು, ಎರಡರ ಹಿಂದೆ ಒಂದು ಹಾಕು, ಹನ್ನೆರಡಾಯ್ತು, ಈಗ ಕಳಿ." ನಾವೆಲ್ಲ ಹೀಗೆ ಕಲಿತವರೇ. ಉತ್ತರ 25 ಎಂದು ನೇರವಾಗಿ ಹೇಳದಿದ್ದರೂ ಇದು ಉತ್ತರ ಹೇಳಿಕೊಟ್ಟಂತೆಯೇ. ಯಾಕೆಂದರೆ ಯೋಚನೆಯೆಲ್ಲ ಅಮ್ಮನದು, ಪೆನ್ಸಿಲ್ ಮಾತ್ರ ಮಗುವಿನದು.

ಇದರ ಪರಿಣಾಮ ಅವತ್ತೇ ಕಾಣುವುದಿಲ್ಲ. ಅವತ್ತು ನಾಲ್ಕು ಲೆಕ್ಕವೂ ಸರಿಯಾಗುತ್ತವೆ, ಎಲ್ಲರಿಗೂ ಸಮಾಧಾನ. ಎರಡು ಮೂರು ದಿನ ಬಿಟ್ಟು ನೋಡಿ. ಮಗು ಬೇಕಿರಲಿ ಬೇಡದಿರಲಿ ಎಲ್ಲ ಲೆಕ್ಕದಲ್ಲೂ ಮೇಲಿನ ಅಂಕಿಯನ್ನು ಹೊಡೆಯಲು ಶುರುಮಾಡಿರುತ್ತದೆ. 46 − 23ರಲ್ಲೂ ನಾಲ್ಕನ್ನು ಹೊಡೆದು ಮೂರು ಮಾಡುತ್ತದೆ, ಆರನ್ನು ಹದಿನಾರು ಮಾಡುತ್ತದೆ, ಹದಿನಾರರಲ್ಲಿ ಮೂರು ಹೋಗಿ ಹದಿಮೂರು ಎಂದು ಕೆಳಗೆ ಬರೆದು, ಅದರ ಹಿಂದೆ ಮೂರರಲ್ಲಿ ಎರಡು ಹೋದ ಒಂದನ್ನು ಸೇರಿಸಿ 113 ಎಂದು ಮುಗಿಸುತ್ತದೆ. ನಲವತ್ತಾರರಲ್ಲಿ ಒಂದಷ್ಟು ಕಳೆದರೆ ನೂರಕ್ಕಿಂತ ಹೆಚ್ಚು ಉಳಿಯಿತಲ್ಲ ಎಂದು ಅದಕ್ಕೆ ಅನ್ನಿಸುವುದೂ ಇಲ್ಲ. ಮೊದಲು ಬರುತ್ತಿದ್ದದ್ದೂ ಈಗ ಬಾರದಾಯಿತು. ಬೇಡದ ಕಡೆಯೂ ಅಂಕಿ ಹೊಡೆದಿರುವುದು ಕಂಡರೆ, ಮನೆಯಲ್ಲೋ ಟ್ಯೂಷನ್ನಿನಲ್ಲೋ ಯಾರೋ ಉಪಾಯ ಮಾತ್ರ ಹೇಳಿಕೊಟ್ಟಿದ್ದಾರೆ ಎಂದು ತಿಳಿಯಬಹುದು.

ಹಾಗಾದರೆ ಹೇಳಿಕೊಡುವುದು ಹೇಗೆ? ನಾನು ತಂಗಿಯ ಅಡುಗೆಮನೆಯ ಮೂಲೆಯಿಂದ ಹೊಸ ತೆಂಗಿನಗರಿಯ ಪೊರಕೆ ತಂದೆ. ಪುಟ್ಟಿಯೂ ನಾನೂ ಕೂತು ಕಡ್ಡಿಗಳನ್ನು ಬೆರಳುದ್ದ ಮುರಿದೆವು. ಹತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕಿದೆವು. ಅಂಥ ಐದು ಕಟ್ಟು, ಎರಡು ಬಿಡಿ. ಸರ್ಕಾರಿ ಶಾಲೆಗಳ ನಲಿಕಲಿ ತರಗತಿಗಳಲ್ಲಿ ಇದು ಹೊಸದಲ್ಲ, ಕಡ್ಡಿ ಕಟ್ಟು, ಮಣಿಸರ ಮುಟ್ಟಿ ಎಣಿಸಿಯೇ ಮಕ್ಕಳು ಅಂಕಿಗೆ ಬರುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಪದ್ಧತಿ ಅದು. ಮನೆಯಲ್ಲಿ ಕಡ್ಡಿ ಮುರಿದು ಕಟ್ಟು ಮಾಡಲು ಹತ್ತು ನಿಮಿಷ ಸಾಕು, ಒಂದು ಸಲ ಮಾಡಿದರೆ ವರ್ಷವಿಡೀ ಬರುತ್ತದೆ. ಕಟ್ಟುವ ಕೆಲಸ ಮಗುವಿನ ಕೈಯಲ್ಲೇ ಆಗಬೇಕು, ಅದೊಂದನ್ನು ಮರೆಯಬೇಡಿ. ತಾನೇ ಎಣಿಸಿ ಕಟ್ಟಿದ ಕಟ್ಟಿನೊಳಗೆ ಹತ್ತು ಇದೆ ಎಂಬುದು ಅದಕ್ಕೆ ಗೊತ್ತಿರುತ್ತದೆ. ನೀವು ಕಟ್ಟಿ ಕೊಟ್ಟರೆ ಅದು ಬರೀ ಒಂದು ಕಟ್ಟು.

"ಎಷ್ಟಿದೆ ಪುಟ್ಟಿ?"

"ಫಿಫ್ಟಿ ಟೂ."

"ಕನ್ನಡದಲ್ಲಿ?"

"ಐವತ್ತೆರಡು."

ಇಲ್ಲಿ ಒಂದು ಮಾತು. ಇಂಗ್ಲಿಷ್ ಮಾಧ್ಯಮದ ಮಗುವಾದರೂ ಸಂಖ್ಯೆಯನ್ನು ಕನ್ನಡದಲ್ಲೂ ಹೇಳಿಸಿ. ಐವತ್ತು ಎಂಬಲ್ಲಿ ಐದು ಹತ್ತು ಕಿವಿಗೇ ಕೇಳಿಸುತ್ತದೆ. ಅರವತ್ತು, ಎಪ್ಪತ್ತು, ಎಂಬತ್ತು ಎಲ್ಲದರಲ್ಲೂ ಹತ್ತು ಕೂತಿದೆ. ಐವತ್ತೆರಡು ಎಂದರೆ ಐದು ಹತ್ತು ಮತ್ತು ಎರಡು, ಚಾಪೆಯ ಮೇಲೆ ಇದ್ದದ್ದೂ ಅದೇ. ಮಾತೃಭಾಷೆ ಕೊಡುವ ಈ ಸಹಾಯವನ್ನು ಬಿಟ್ಟುಕೊಡುವುದು ನನಗೆ ಸಂಕಟದ ಸಂಗತಿ.

"ನಂಗೆ ಇಪ್ಪತ್ತೇಳು ಕಡ್ಡಿ ಕೊಡು," ಎಂದೆ.

ಪುಟ್ಟಿ ಎರಡು ಕಟ್ಟು ತೆಗೆದು ನನ್ನ ಕೈಗಿಟ್ಟಳು. ಎರಡು ಬಿಡಿ ಕಡ್ಡಿ ಇಟ್ಟಳು. ನಿಂತಳು. ಅವಳ ಮುಂದೆ ಮೂರು ಕಟ್ಟು ಇತ್ತು, ಬಿಡಿ ಒಂದೂ ಇರಲಿಲ್ಲ. ನನ್ನ ಕೈ ನೋಡಿದಳು, ಚಾಪೆ ನೋಡಿದಳು, ಅಮ್ಮನ ಮುಖ ನೋಡಿದಳು.

ಇಂಥ ಹೊತ್ತಿನಲ್ಲಿ ನಾವು ದೊಡ್ಡವರಿಗೆ ಸುಮ್ಮನಿರುವುದಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಎಂದು ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ಅಳೆದು ನೋಡಿದ್ದರು. ಸಾಮಾನ್ಯವಾಗಿ ಒಂದು ಸೆಕೆಂಡ್ ಅಷ್ಟೇ. ಮೂರು ಸೆಕೆಂಡಿಗೂ ಹೆಚ್ಚು ಕಾದರೆ ಮಕ್ಕಳ ಉತ್ತರ ಉದ್ದವಾಯಿತು, "ಗೊತ್ತಿಲ್ಲ" ಎನ್ನುವುದು ಕಡಿಮೆಯಾಯಿತು. ಮನೆಯಲ್ಲಿ ನಾನು ಹೇಳುವುದು, ಮನಸ್ಸಿನಲ್ಲೇ ನಿಧಾನಕ್ಕೆ ಹತ್ತು ಎಣಿಸಿ. ಮಗುವಿನ ಕಣ್ಣು ಕಡ್ಡಿಯ ಮೇಲೋ ಪುಸ್ತಕದ ಮೇಲೋ ಇದ್ದರೆ ಅದು ಯೋಚಿಸುತ್ತಿದೆ, ಇನ್ನೂ ಹತ್ತು ಎಣಿಸಿ. ಕಣ್ಣು ನಿಮ್ಮ ಮುಖದ ಮೇಲೆ ಬಂದು ನಿಂತರೆ ಅದು ಸುಳಿವಿಗಾಗಿ ಕಾಯುತ್ತಿದೆ, ಆಗ ಒಂದು ಮಾತು ಆಡಬಹುದು. ಆ ಮಾತು ದಾರಿ ಹೇಳಬಾರದು, ನಿಂತಲ್ಲಿಯ ವಿಷಯವನ್ನಷ್ಟೇ ಹೇಳಬೇಕು.

ಪುಟ್ಟಿ ನನ್ನ ಮುಖ ನೋಡಿದಾಗ ಹೇಳಿದೆ, "ಎಷ್ಟು ಕೊಟ್ಟೆ, ಇನ್ನೆಷ್ಟು ಬೇಕು?"

"ಇಪ್ಪತ್ತೆರಡು ಕೊಟ್ಟೆ. ಇನ್ನೂ ಐದು ಬೇಕು." ಮತ್ತೆ ನಿಂತಳು. ಒಂದು ಕಟ್ಟನ್ನು ಎತ್ತಿಕೊಂಡಳು. "ಇದನ್ನ ಬಿಚ್ಚಲಾ ದೊಡ್ಡಮ್ಮ?"

"ನಿಂಗೆ ಹೇಗನ್ನಿಸುತ್ತೆ?"

ರಬ್ಬರ್ ಬ್ಯಾಂಡ್ ಕಿತ್ತು ಕಡ್ಡಿ ಚೆಲ್ಲಿದಳು. ಐದು ಎಣಿಸಿ ಕೊಟ್ಟಳು. ಚಾಪೆಯ ಮೇಲೆ ಎರಡು ಕಟ್ಟು, ಐದು ಬಿಡಿ ಉಳಿದವು. "ಇಪ್ಪತ್ತೈದು," ಎಂದವಳೇ ನೋಟ್‌ಬುಕ್ಕು ನೋಡಿದಳು. ಅಲ್ಲಿ 35 ಎಂದಿತ್ತು. ಸ್ವಲ್ಪ ಹೊತ್ತು ಎರಡನ್ನೂ ನೋಡುತ್ತ ಕೂತಳು. ಆಮೇಲೆ, "ಒಂದು ಕಟ್ಟು ಬಿಚ್ಚಿದ್ನಲ್ಲ, ಅದಕ್ಕೇ ಮೂರು ಇಲ್ಲ," ಎಂದಳು.

ದಶಕ ತೆಗೆದುಕೊಳ್ಳುವುದು ಎಂದರೆ ಇಷ್ಟೇ. ಸಾಲವೂ ಇಲ್ಲ, ಪಕ್ಕದ ಮನೆಯೂ ಇಲ್ಲ. ತನ್ನದೇ ಕಟ್ಟನ್ನು ತಾನೇ ಬಿಚ್ಚಿದ್ದು. ಆಮೇಲೆ ಐದನ್ನು ಹೊಡೆದು ನಾಲ್ಕು ಬರೆಯುವುದನ್ನು ತೋರಿಸಿದರೆ ಅದು ಬಿಚ್ಚಿದ ಕಟ್ಟಿನ ಗುರುತು ಎಂದು ಮಗುವಿಗೆ ತಿಳಿಯುತ್ತದೆ. 46 − 23 ಬಂದಾಗ ಕಟ್ಟು ಬಿಚ್ಚುವ ಅಗತ್ಯವೇ ಇಲ್ಲ ಎಂಬುದೂ ತಿಳಿಯುತ್ತದೆ.

ಎಲ್ಲ ಮಕ್ಕಳೂ ಪುಟ್ಟಿಯಂತೆ ಕಟ್ಟು ಬಿಚ್ಚಲು ಹೊರಡುವುದಿಲ್ಲ. ಎಷ್ಟು ಕಾದರೂ ಕೈ ಓಡದ ಮಗುವಿಗೆ ಏನು ಮಾಡಬೇಕು? ಆಗ ಹೋಮ್‌ವರ್ಕಿನ ಲೆಕ್ಕವನ್ನು ಪಕ್ಕಕ್ಕಿಟ್ಟು ಅದರ ತಮ್ಮನಂಥ ಇನ್ನೊಂದು ಲೆಕ್ಕ ತೆಗೆದುಕೊಳ್ಳಿ. 34ರಲ್ಲಿ 18 ಎಂದಿಟ್ಟುಕೊಳ್ಳಿ. ಅದನ್ನು ನೀವೇ, ಮಾತಾಡುತ್ತ, ಮಗುವಿನ ಎದುರು ಪೂರ್ತಿ ಮಾಡಿ. "ನನ್ನ ಹತ್ತಿರ ಮೂರು ಕಟ್ಟು ನಾಲ್ಕು ಬಿಡಿ. ಹದಿನೆಂಟು ಕೊಡಬೇಕು. ಒಂದು ಕಟ್ಟು ಕೊಟ್ಟೆ. ನಾಲ್ಕು ಬಿಡಿ ಕೊಟ್ಟೆ. ಇನ್ನೂ ನಾಲ್ಕು ಬೇಕಲ್ಲ, ಇಲ್ಲವಲ್ಲ. ಒಂದು ಕಟ್ಟು ಬಿಚ್ತೀನಿ. ನಾಲ್ಕು ಕೊಟ್ಟೆ, ಆರು ಉಳೀತು. ಒಂದು ಕಟ್ಟು, ಆರು ಬಿಡಿ, ಹದಿನಾರು." ಉತ್ತರ ಬೇಕಾದರೆ ಎರಡು ಸಲ ಹೇಳಿ, ಇದು ಅದರ ಹೋಮ್‌ವರ್ಕ್ ಅಲ್ಲ. ಈಗ 52ಕ್ಕೆ ವಾಪಸು ಬನ್ನಿ, ಕಡ್ಡಿಯನ್ನು ಮಗುವಿನ ಕೈಗೆ ಕೊಡಿ. ಮಗುವಿಗೆ ಏನೂ ತೋರಿಸದೆ "ನೀನೇ ಯೋಚಿಸು, ನೀನೇ ಯೋಚಿಸು" ಎಂದು ಕೂರಿಸುವುದು ಕೂಡ ಒಳ್ಳೆಯದಲ್ಲ. ದಾರಿ ಕಾಣದ ಮಗುವಿಗೆ ಅದು ಶಿಕ್ಷೆಯಾಗುತ್ತದೆ. ಇನ್ನೊಂದು ಲೆಕ್ಕದಲ್ಲಿ ದಾರಿ ತೋರಿಸಿ, ಅದರ ಲೆಕ್ಕದಲ್ಲಿ ಅದನ್ನು ನಡೆಯಲು ಬಿಟ್ಟರೆ ಆಯಿತು.

ಮನೆಯಲ್ಲಿ ತಾತ ಇದ್ದರೆ ಇನ್ನೊಂದು ತೊಡಕು ಬರುವುದುಂಟು. ಕೆಲವು ಹಿರಿಯರು ಕಳೆಯುವಾಗ ಮೇಲಿನ ಅಂಕಿಯನ್ನು ಹೊಡೆಯುವುದಿಲ್ಲ, ಕೆಳಗಿನ ಅಂಕಿಗೆ ಒಂದು ಸೇರಿಸುತ್ತಾರೆ. ಹನ್ನೆರಡರಲ್ಲಿ ಏಳು ಹೋದರೆ ಐದು, ಕೆಳಗಿನ ಎರಡು ಮೂರಾಯಿತು, ಐದರಲ್ಲಿ ಮೂರು ಹೋದರೆ ಎರಡು. ಉತ್ತರ 25, ವಿಧಾನವೂ ಸರಿಯೇ. ಆದರೆ ಶಾಲೆಯಲ್ಲಿ ಒಂದು ದಾರಿ, ಮನೆಯಲ್ಲಿ ಒಂದು ದಾರಿ ಆದಾಗ ಏಳು ವರ್ಷದ ಮಗು ಎರಡನ್ನೂ ಬೆರೆಸಿ ಮೇಲೆ ಒಂದು ಕಡಿಮೆ ಮಾಡಿ ಕೆಳಗೂ ಒಂದು ಸೇರಿಸುತ್ತದೆ. ಹೋಮ್‌ವರ್ಕಿಗೆ ಕೂತಾಗ ಕ್ಲಾಸಿನಲ್ಲಿ ಬರೆಸಿದ ಹಿಂದಿನ ಪುಟ ತೆಗೆಸಿ, ಮೇಡಂ ಹೇಗೆ ಮಾಡಿಸಿದ್ದಾರೋ ಆ ದಾರಿಯಲ್ಲೇ ಹೋಗಿ. ತಾತನ ಲೆಕ್ಕ ಒಂದೆರಡು ವರ್ಷ ಬಿಟ್ಟು ಚೆಂದ ಕಾಣುತ್ತದೆ.

ಪುಟ್ಟಿ ಆಮೇಲೆ 61 − 38 ಮಾಡಿದಳು, ಕಡ್ಡಿಯಲ್ಲೇ. 23 ಬಂತು. ಹಳೆಯ 37 ಅನ್ನು ಅಳಿಸಲು ರಬ್ಬರು ಕೇಳಿದಳು. ನಾನು ಕೊಡಲಿಲ್ಲ. 37ರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ 23 ಬರೆ ಎಂದೆ. ತಂಗಿಗೆ ಇದು ಇಷ್ಟವಾಗಲಿಲ್ಲ, ನೋಟ್‌ಬುಕ್ಕು ಗಲೀಜಾಗುತ್ತದೆ ಎಂದಳು. ಆದರೆ ಪಾಠ ಮಾಡಿದವಳಾಗಿ ನನಗೆ ಈ ವಿಷಯದಲ್ಲಿ ಬಹಳ ಗಟ್ಟಿ ಅಭಿಪ್ರಾಯವಿದೆ. ನಲವತ್ತು ನೋಟ್‌ಬುಕ್ಕು ತಿದ್ದುವ ಮೇಡಂ ಮುಂದೆ ಏಳಕ್ಕೆ ಏಳು ಸರಿಯಿರುವ ಪುಟ ಬಂದರೆ ಅವರು ಸಹಿ ಹಾಕಿ ಮುಂದೆ ಹೋಗುತ್ತಾರೆ. ಈ ಮಗುವಿಗೆ ದಶಕ ಇನ್ನೂ ಕೂತಿಲ್ಲ ಎಂದು ಅವರಿಗೆ ತಿಳಿಯುವ ದಾರಿಯೇ ಇಲ್ಲ. ನಾಳೆ ಮುಂದಿನ ಪಾಠ ಶುರುವಾಗುತ್ತದೆ. ಮನೆಯವರು ಪ್ರೀತಿಯಿಂದ ಅಳಿಸಿದ ತಪ್ಪುಗಳು ಪರೀಕ್ಷೆಯ ದಿನ ಎದ್ದು ಬರುತ್ತವೆ, ಆಗ "ಮನೆಯಲ್ಲಿ ಎಲ್ಲ ಸರಿಯಾಗಿ ಮಾಡ್ತಾಳೆ, ಸ್ಕೂಲಲ್ಲಿ ಏನಾಗುತ್ತೋ" ಎಂಬ ಮಾತು ಕೇಳುತ್ತೇವೆ.

ಎರಡು ಲೆಕ್ಕ ಮುಗಿಯುವ ಹೊತ್ತಿಗೆ ಕಡ್ಡಿ ಮುರಿದದ್ದೂ ಸೇರಿ ಇಪ್ಪತ್ತೈದು ನಿಮಿಷವಾಗಿತ್ತು. ಪುಟ್ಟಿ ನೀರು ಕುಡಿದು ಬರುತ್ತೇನೆ ಎಂದಳು. ಬಂದವಳು ಬಚ್ಚಲಿಗೆ ಹೋಗಬೇಕು ಎಂದಳು. ಪೆನ್ಸಿಲ್ ಚೂಪು ಮಾಡುವುದು, ಬಾಯಾರಿಕೆ, ಬಚ್ಚಲು, ಹೊಟ್ಟೆನೋವು, ಇವೆಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. ದೊಡ್ಡವರು ಇದನ್ನು ಸೋಗು ಎನ್ನುತ್ತಾರೆ. ಆರೇಳು ವರ್ಷದ ಮಗುವಿಗೆ "ನನಗೆ ಸಾಕಾಯಿತು" ಎಂದು ಹೇಳಲು ಬೇರೆ ಮಾತು ಬರುವುದಿಲ್ಲ. ಇನ್ನೊಂದು ಗುರುತು ನೋಡಿ. ಸ್ವಲ್ಪ ಮೊದಲು ಸಲೀಸಾಗಿ ಬಂದದ್ದೂ ಈಗ ತಪ್ಪಲು ಶುರುವಾದರೆ, ಎಂಟಕ್ಕೆ ಎರಡು ಕೂಡಿಸಲು ಬೆರಳು ಎಣಿಸತೊಡಗಿದರೆ, ಅಲ್ಲಿಗೆ ನಿಲ್ಲಿಸಬೇಕು. ಲೆಕ್ಕ ಮಾಡುವಾಗ ಅಂಕಿಗಳನ್ನು ಒಂದೆರಡು ಕ್ಷಣ ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕಲ್ಲ, ಭಯ ಅದೇ ಜಾಗಕ್ಕೆ ಬಂದು ಕೂರುತ್ತದೆ. ಅದಕ್ಕೇ ಗದರಿದ ಮೇಲೆ ಮಗುವಿಗೆ ಗೊತ್ತಿದ್ದದ್ದೂ ಮರೆಯುತ್ತದೆ.

ಭಯ ಅಪ್ಪ ಅಮ್ಮಂದಿರಿಂದಲೂ ದಾಟುತ್ತದೆ. 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಇದನ್ನೇ ನೋಡಿತು. ಎರಿನ್ ಮಲೋನಿ, ಸಿಯಾನ್ ಬೈಲಾಕ್ ಮತ್ತು ಅವರ ಸಂಗಡಿಗರು ಒಂದು ಮತ್ತು ಎರಡನೇ ತರಗತಿಯ ಮಕ್ಕಳನ್ನು ಒಂದು ಶಾಲಾ ವರ್ಷ ಗಮನಿಸಿದರು. ಗಣಿತವೆಂದರೆ ಅಂಜುವ ತಂದೆತಾಯಿ ಮೇಲಿಂದ ಮೇಲೆ ಹೋಮ್‌ವರ್ಕಿಗೆ ಸಹಾಯ ಮಾಡಿದಾಗ ಮಕ್ಕಳು ಆ ವರ್ಷ ಗಣಿತ ಕಲಿತದ್ದು ಕಡಿಮೆ, ವರ್ಷದ ಕೊನೆಗೆ ಅವರ ಅಂಜಿಕೆಯೂ ಹೆಚ್ಚು. ಅಂಜುವವರೇ ಆದರೂ ಅಷ್ಟಾಗಿ ಸಹಾಯಕ್ಕೆ ಕೂರದಿದ್ದರೆ ಹೀಗಾಗಲಿಲ್ಲ. ಗಣಿತ ಬಾರದ ಅಪ್ಪ ಅಮ್ಮ ದೂರವಿರಬೇಕು ಎಂದು ನಾನು ಇದನ್ನು ಅರ್ಥ ಮಾಡಿಕೊಳ್ಳುವುದಿಲ್ಲ. ಹೇಳಿಕೊಡಲು ಹೋಗಬೇಡಿ, ಹೇಳಿಸಿಕೊಳ್ಳಿ. "ನಂಗೆ ಹೇಳಿಕೊಡು" ಎಂದು ಕೇಳಲು ಗಣಿತ ಬರಬೇಕಾಗಿಲ್ಲ, ಇಂಗ್ಲಿಷೂ ಬರಬೇಕಾಗಿಲ್ಲ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ಅಜ್ಜಿಯೂ ಇಪ್ಪತ್ತೇಳು ಕಡ್ಡಿ ಕೇಳಬಹುದು. ಆದರೆ ಒಂದು ಮಾತನ್ನು ಮಾತ್ರ ಮಗುವಿನೆದುರು ಆಡಬೇಡಿ: "ನಂಗೂ ಲೆಕ್ಕ ಬರ್ತಿರ್ಲಿಲ್ಲ ಬಿಡು." ಸಮಾಧಾನಕ್ಕೆ ಹೇಳಿದ್ದನ್ನು ಮಗು ಮನೆತನದ ಗುಣ ಎಂದು ತೆಗೆದುಕೊಳ್ಳುತ್ತದೆ.

ಎಷ್ಟು ಹೊತ್ತು ಕೂರಿಸಬೇಕು ಎಂಬುದಕ್ಕೆ ಸರ್ಕಾರದ ನೀತಿಯೇ ಇದೆ. 2018ರಲ್ಲಿ ಮದ್ರಾಸ್ ಹೈಕೋರ್ಟು ಒಂದು ಮತ್ತು ಎರಡನೇ ತರಗತಿಗೆ ಹೋಮ್‌ವರ್ಕ್ ಬೇಡ ಎಂದಿತು. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯೂ ಎರಡನೇ ತರಗತಿಯವರೆಗೆ ಹೋಮ್‌ವರ್ಕ್ ಕೊಡಬಾರದು, ಮೂರರಿಂದ ಐದನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ ಎನ್ನುತ್ತದೆ. ವಾರಕ್ಕೆ ಎರಡು ಗಂಟೆ ಎಂದರೆ ಐದು ದಿನಕ್ಕೆ ಹಂಚಿದರೆ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ನಿಮಿಷ. ಆದರೂ ಎರಡನೇ ತರಗತಿಯ ಡೈರಿಯಲ್ಲಿ ಮೂರು ವಿಷಯದ ಹೋಮ್‌ವರ್ಕ್ ಬರುವುದನ್ನು ನಾವು ನೋಡುತ್ತಲೇ ಇದ್ದೇವೆ. ಅಂಥ ಶಾಲೆಯಿದ್ದರೆ, ಆ ವಯಸ್ಸಿಗೆ ಒಂದು ವಿಷಯಕ್ಕೆ ಹದಿನೈದು ನಿಮಿಷ ಎಂದು ಮನೆಯಲ್ಲೇ ಒಂದು ಗಡಿ ಹಾಕಿಕೊಳ್ಳಿ ಎನ್ನುತ್ತೇನೆ. ಶಾಲೆಯಿಂದ ಬಂದ ಮೇಲೆ ತಿಂಡಿ, ಆಟ, ಆಮೇಲೆ ಪುಸ್ತಕ. ರಾತ್ರಿ ಊಟವಾದ ಮೇಲೆ ಮಾತ್ರ ಖಂಡಿತ ಬೇಡ.

ಕನ್ನಡದ ಹೋಮ್‌ವರ್ಕಿಗೆ ಇದೇ ರೀತಿ ಬೇರೆ ಹತ್ಯಾರು ಬೇಕು. ಆ ವಾರ ಪುಟ್ಟಿಗೆ ಐದು ವಾಕ್ಯ ಬರೆಯಲು ಕೊಟ್ಟಿದ್ದರು. ಅವಳು ಒಂದು ಕಡೆ "ಕತೆ ಹುಲು ತಿಂದಿತು" ಎಂದು ಬರೆದಿದ್ದಳು. ತಂಗಿ ಎಂದಿನಂತೆ "ತಕ್ಕೆ ತ ಒತ್ತು ಹಾಕು, ಲಕ್ಕೆ ಲ ಒತ್ತು ಹಾಕು" ಎನ್ನಲು ಹೊರಟಿದ್ದಳು. ಹಾಗೆ ಹೇಳಿದರೆ ಮಗು ಹಾಕುತ್ತದೆ, ಮುಂದಿನ ವಾಕ್ಯದಲ್ಲಿ ಮತ್ತೆ ಬಿಡುತ್ತದೆ. ನಾನು ಅವಳು ಬರೆದದ್ದನ್ನು ಬರೆದ ಹಾಗೆಯೇ ಗಟ್ಟಿಯಾಗಿ ಓದಿದೆ. "ಕತೆ... ಹುಲು... ತಿಂದಿತು." ಪುಟ್ಟಿ ಬಿದ್ದು ಬಿದ್ದು ನಕ್ಕಳು. "ಕತೆ ಅಲ್ಲ ದೊಡ್ಡಮ್ಮ, ಕತ್ತೆ!" "ಹೌದಾ? ಇಲ್ಲಿ ಕತೆ ಅಂತಿದೆಯಲ್ಲ." ಪೆನ್ಸಿಲ್ ತಗೊಂಡು ತಾನೇ ಒತ್ತು ಹಾಕಿದಳು. ಹುಲ್ಲಿಗೂ ಹಾಕಿದಳು, ನಾನು ಕೇಳುವ ಮೊದಲೇ.

ಕನ್ನಡವನ್ನು ಬಹುಮಟ್ಟಿಗೆ ನುಡಿದಂತೆ ಬರೆಯುತ್ತೇವೆ, ಆದ್ದರಿಂದ ಬರೆದದ್ದನ್ನು ಹಾಗೆಯೇ ಓದಿ ಕೇಳಿಸಿದರೆ ಮಗುವಿನ ಕಿವಿಯೇ ತಿದ್ದುತ್ತದೆ. ಹಳಿ ಮತ್ತು ಹಳ್ಳಿ, ಕತೆ ಮತ್ತು ಕತ್ತೆ, ಇಂಥ ಜೋಡಿಗಳನ್ನು ಚಪ್ಪಾಳೆ ತಟ್ಟಿ ಹೇಳಿಸಿದರೂ ಒತ್ತು ಎಲ್ಲಿದೆ ಎಂದು ಕೇಳಿಸುತ್ತದೆ. ಆದರೆ ಈ ಉಪಾಯಕ್ಕೂ ಮಿತಿಯಿದೆ. ಹಕಾರವನ್ನು ಮಾತಿನಲ್ಲಿ ಬಿಡುವ ಮನೆಗಳಲ್ಲಿ ಮಗು ಹಕ್ಕಿಯನ್ನು ಅಕ್ಕಿ ಎಂದೇ ಬರೆಯುತ್ತದೆ, ಓದಿ ಕೇಳಿಸಿದರೂ ಅದಕ್ಕೆ ವ್ಯತ್ಯಾಸ ಕೇಳಿಸುವುದಿಲ್ಲ, ಏಕೆಂದರೆ ಅದರ ಮನೆಯ ಮಾತು ಹಾಗೆಯೇ ಇದೆ. ಶ ಮತ್ತು ಷ, ದ ಮತ್ತು ಧ ಕೂಡ ಹಾಗೆಯೇ. ಅಲ್ಲಿ ಮಗುವಿನ ಮಾತನ್ನು ಹಂಗಿಸದೆ, ಪುಸ್ತಕದಲ್ಲಿ ಆ ಪದ ತೆರೆದು ತೋರಿಸಿ, "ಬರೆಯುವಾಗ ಹೀಗೆ" ಎಂದು ಹೇಳಿಬಿಡಬೇಕು.

ಉತ್ತರ ಹೇಳಬಾರದು ಎನ್ನುವುದನ್ನೇ ಹಟ ಮಾಡಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕು. ಕೆಲವು ವಿಷಯ ಯೋಚಿಸಿದರೆ ಸಿಗುತ್ತವೆ, ಕೆಲವು ಎಷ್ಟು ಯೋಚಿಸಿದರೂ ಸಿಗುವುದಿಲ್ಲ. 52ರಲ್ಲಿ 27 ಹೋದರೆ ಎಷ್ಟು ಎಂಬುದು ಕಡ್ಡಿಯಿಂದ ಸಿಗುತ್ತದೆ. ಇಂಗ್ಲಿಷಿನ said ಎಂಬ ಪದದ ಸ್ಪೆಲ್ಲಿಂಗ್ ಎಲ್ಲಿಂದ ಸಿಗಬೇಕು? ಕಿವಿಗೆ ಕೇಳುವುದೇ ಬೇರೆ, ಬರೆಯುವುದೇ ಬೇರೆ. ಅದು ಜನ ಮಾಡಿಕೊಂಡ ರೂಢಿ. ಇಂಥದ್ದನ್ನು ಮಗು ಕೇಳಿದರೆ ಒಂದೇ ಮಾತಿಗೆ ಹೇಳಿ, ಬರೆದು ತೋರಿಸಿ, ಮುಚ್ಚಿ, ನೋಡದೆ ಒಮ್ಮೆ ಬರೆಸಿ. "ಊಹೆ ಮಾಡು, ಊಹೆ ಮಾಡು" ಎಂದು ಆಟ ಆಡಿಸಿದರೆ ತಪ್ಪು ಊಹೆಗಳೇ ನೆನಪಿನಲ್ಲಿ ಕೂರುತ್ತವೆ.

ಅವತ್ತು ಪುಟ್ಟಿಗೆ ಇನ್ನೂ ಎರಡು ಲೆಕ್ಕ ಬಾಕಿಯಿತ್ತು, 40 − 16 ಮತ್ತು 83 − 45. ಅವನ್ನು ಮುಗಿಸಲಿಲ್ಲ. ತಂಗಿಗೆ ಕಸಿವಿಸಿಯಾಯಿತು, ನಾಳೆ ಮೇಡಂ ಬೈದರೆ ಎಂದಳು. ನಾನು ಡೈರಿಯಲ್ಲಿ ಬರೆಯಲು ಹೇಳಿದೆ, ಅವಳೇ ಬರೆದಳು: "ಬಿಡಿ ಸ್ಥಾನದಲ್ಲಿ ಮೇಲಿನ ಅಂಕಿ ಚಿಕ್ಕದಿದ್ದಾಗ ಕೆಳಗಿನದರಿಂದ ಕಳೆಯುತ್ತಿದ್ದಾಳೆ. ಕಡ್ಡಿ ಕಟ್ಟು ಬಳಸಿ ಎರಡು ಲೆಕ್ಕ ಸರಿ ಮಾಡಿದಳು. ಕಡ್ಡಿ ಇಲ್ಲದೆ ಇನ್ನೂ ಬರುವುದಿಲ್ಲ. 25 ನಿಮಿಷವಾದ್ದರಿಂದ ಎರಡು ಲೆಕ್ಕ ಉಳಿಸಿದ್ದೇವೆ."

ಮಾರನೆಯ ಸಂಜೆ ತಂಗಿ ಫೋನ್ ಮಾಡಿದಳು. ಮೇಡಂ ಡೈರಿ ಓದಿ, ಇದೇ ತಪ್ಪು ಮಾಡಿದ ಇನ್ನೂ ಆರು ಮಕ್ಕಳನ್ನು ಸೇರಿಸಿ ಕೂರಿಸಿಕೊಂಡಿದ್ದರಂತೆ. ಪುಟ್ಟಿ ಮನೆಯಿಂದ ತನ್ನ ಕಡ್ಡಿ ಕಟ್ಟು ಒಯ್ದಿದ್ದಳಂತೆ. ಒಂದು ರಬ್ಬರ್ ಬ್ಯಾಂಡ್ ಹರಿದುಹೋಗಿತ್ತು, ಹೊಸದು ಬೇಕು ಎಂದು ಹಿಂದಿನಿಂದ ಕೂಗುತ್ತಿದ್ದಳು.